ಬಿಂದುವಿನ ಕಣ್ಣಿಗೆ ಹಾಕಿದ ಹನಿ

ನನ್ನ ವಾರಗಿತ್ತಿ ವಾರಿಜಾಳನ್ನು ಕಂಡರೆ ನನಗೆ ಆಗುವುದಿಲ್ಲ. ಬಿಳೇಕಹಳ್ಳಿಯ ನಮ್ಮ ಮನೆಯಲ್ಲಿ ಕೆಳಗೆ ಅತ್ತೆ, ಮೊದಲ ಮಹಡಿಯಲ್ಲಿ ನಾವು, ಅದರ ಮೇಲೆ ಅವಳು. ಜಯನಗರದ ಕಣ್ಣಾಸ್ಪತ್ರೆಯಲ್ಲಿ ಮಕ್ಕಳ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಬೆಳಿಗ್ಗೆ ಬಿಳಿ ಕೋಟು ತೋಳಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಅತ್ತೆ ಗೇಟಿನವರೆಗೂ ಬಂದು ಕಳಿಸಿಕೊಡುತ್ತಾರೆ. ನಾನು ಅದೇ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತೇನೆ. ಅದನ್ನು ಯಾರೂ ನೋಡುವುದಿಲ್ಲ.

ಅವಳ ಮಗ ಚೈತನ್ಯ, ನನ್ನ ಮಗಳು ಬಿಂದುಶ್ರೀ ಇಬ್ಬರೂ ಎರಡನೇ ಕ್ಲಾಸು. ಆ ಹುಡುಗ ಪುಸ್ತಕ ಹಿಡಿದರೆ ಬಿಡುವುದಿಲ್ಲ. ಬಿಂದು ಎರಡು ಸಾಲು ಓದಿ ಪುಸ್ತಕ ಮುಚ್ಚುತ್ತಾಳೆ. ಸಂಜೆಯಾದರೆ ತಲೆನೋವು ಎನ್ನುತ್ತಾಳೆ. ಓದುವಾಗ ಬಲಗಣ್ಣು ಮೂಗಿನ ಕಡೆಗೆ ಜಾರುತ್ತದೆ ಎಂದು ಮೊದಲು ಹೇಳಿದವಳೂ ವಾರಿಜಾಳೇ. ನನ್ನ ಮಗಳಲ್ಲಿ ಕುಂದು ಹುಡುಕುವುದೇ ಅವಳ ಕೆಲಸ ಅಂದುಕೊಂಡೆ. ಆಸ್ಪತ್ರೆಗೆ ಕರೆದುಕೊಂಡು ಬಾ ಎಂದು ಅವಳು ಎರಡು ಸಲ ಹೇಳಿದಾಗಲೂ ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ಈ ಸಲ ಅತ್ತೆಯೇ, "ನೀನು ಹೋಗ್ದಿದ್ರೆ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ನಿಂತದ್ದರಿಂದ ಶುಕ್ರವಾರ ಹೊರಟೆ.

ಮರುದಿನ ಶಾಲೆಯಲ್ಲಿ ಕಥೆ ಓದುವ ಸ್ಪರ್ಧೆ ಇತ್ತು. ಬಿಂದು, ಚೈತನ್ಯ ಇಬ್ಬರ ಹೆಸರೂ ಇತ್ತು. ತಿಂಗಳಿಂದ ದಿನಾ ಸಂಜೆ ಕೂರಿಸಿ, ಮುದ್ದಿಸಿ, ಗದರಿಸಿ ನಾನು ಅವಳಿಗೆ ಒಂದೇ ಕಥೆ ಓದಿಸಿದ್ದೆ. ಒಂದು ಸಲ, ಒಂದೇ ಒಂದು ಸಲ, ಬಹುಮಾನದ ಕಪ್ಪು ಹಿಡಿದುಕೊಂಡು ಮೊದಲ ಮಹಡಿಗೆ ಬರುವ ಮಗು ನನ್ನದಾಗಬೇಕಿತ್ತು.

ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ವಾರಿಜಾ ಬಿಂದುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ದೂರದ ಅಕ್ಷರದ ಪಟ್ಟಿ ಓದಿಸಿದಳು. ಬಿಂದು ಕೊನೆಯ ಸಣ್ಣ ಸಾಲಿನವರೆಗೂ ತಪ್ಪಿಲ್ಲದೆ ಓದಿದಳು. ಆಮೇಲೆ ಕಂಪ್ಯೂಟರ್ ಮೆಷಿನ್ನಿಗೆ ಗದ್ದ ಇರಿಸಿ ನೋಡಿದರೂ ಪವರ್ ಹೆಚ್ಚುಕಡಿಮೆ ಸೊನ್ನೆ ಬಂತು. ನನಗೆ ಕುಣಿಯುವಷ್ಟು ಖುಷಿಯಾಯಿತು.

"ನೋಡ್ದ್ಯಾ, ಕಣ್ಣು ಚೆನ್ನಾಗೇ ಇದೆ. ನಡಿ ಬಿಂದು" ಎಂದು ಎದ್ದೆ.

"ಅಕ್ಕ, ಕೂತ್ಕೊಳ್ಳಿ. ಡ್ರಾಪ್ಸ್ ಹಾಕ್ದೆ ಏನೂ ಹೇಳೋಕಾಗಲ್ಲ" ಎಂದಳು ವಾರಿಜಾ. "ಮಕ್ಕಳ ಕಣ್ಣೊಳಗೆ ಫೋಕಸ್ ಮಾಡೋ ಸ್ನಾಯು ತುಂಬ ಗಟ್ಟಿ. ಪವರ್ ಇದ್ರೂ ಅದನ್ನ ಬಿಗಿಹಿಡಿದು ಓದ್ಬಿಡ್ತಾರೆ. ಮೆಷಿನ್ನೂ ಮೋಸ ಹೋಗುತ್ತೆ. ಈ ಹನಿ ಆ ಸ್ನಾಯುಗೆ ಸ್ವಲ್ಪ ಹೊತ್ತು ರಜ ಕೊಡುತ್ತೆ. ಆಗ ನಿಜವಾದ ಪವರ್ ಗೊತ್ತಾಗುತ್ತೆ. ಪಾಪೆ ದೊಡ್ಡದಾಗೋದ್ರಿಂದ ಡಾಕ್ಟರು ಕಣ್ಣಿನ ಹಿಂಭಾಗಾನೂ ನೋಡ್ತಾರೆ."

"ಎಷ್ಟು ಹೊತ್ತು ರಜ?"

ಅವಳು ಹನಿಯ ಸೀಸೆ ಕೆಳಗಿಟ್ಟಳು. "ನಾಳೆವರೆಗೂ ಹತ್ತಿರದ್ದು ಮಂಜಾಗಿರುತ್ತೆ. ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಪುಸ್ತಕ ಓದೋದು ಕಷ್ಟ."

ನನ್ನ ಮೈಯೆಲ್ಲ ಉರಿದುಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? "ನಾಳೆ ಏನಿದೆ ಅಂತ ನಿಂಗೆ ಗೊತ್ತಿಲ್ವಾ? ನಿನ್ನ ಮಗ ಗೆಲ್ಲಲಿ ಅಂತ ನನ್ನ ಮಗಳ ಕಣ್ಣಿಗೆ ಹನಿ ಹಾಕ್ತೀಯಾ?"

ಎಂದೂ ಎದುರಾಡದವಳ ಮುಖ ಕೆಂಪಾಯಿತು. "ಸೋಮವಾರ ಬಂದ್ರೂ ಪರವಾಗಿಲ್ಲ ಅಕ್ಕ, ಎರಡು ಮೂರು ದಿನಕ್ಕೆ ಏನೂ ಆಗಲ್ಲ. ಆದ್ರೆ ನೀವು ಬರಲ್ಲ. ನಿಮಗೆ ನನ್ನ ಮೇಲೆ ಸಿಟ್ಟಿದ್ರೆ ಇರಲಿ. ಜಾರೋ ಕಣ್ಣನ್ನ ಹಾಗೇ ಬಿಟ್ರೆ ಮಿದುಳು ಆ ಕಣ್ಣನ್ನ ಬಳಸೋದೇ ಬಿಟ್ಬಿಡುತ್ತೆ. ದೊಡ್ಡವಳಾದ್ಮೇಲೆ ಸರಿಮಾಡೋದು ಕಷ್ಟ."

ನಾನು ಬಿಂದುವಿನ ಕೈ ಹಿಡಿದು ಎಳೆದೆ. ಅವಳು ಕುರ್ಚಿಯಿಂದ ಇಳಿಯಲಿಲ್ಲ.

"ಅಮ್ಮ, ಹನಿ ಹಾಕಿಸ್ಕೊಳ್ತೀನಿ. ನಾಳೆ ಓದೋದು ಬೇಡ. ಓದಿದ್ರೆ ತಲೆ ಸಿಡಿಯುತ್ತೆ" ಎಂದು ಅಳಲು ಶುರುಮಾಡಿದಳು.

ತಿಂಗಳ ಕಾಲ ಕೂರಿಸಿ ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಆದರೂ ಅಳುತ್ತಿದ್ದ ಮಗುವನ್ನು ಎಳೆದುಕೊಂಡು ಹೋಗುವಷ್ಟು ಕಲ್ಲು ನಾನಲ್ಲ. "ಹಾಕು" ಎಂದೆ.

ಉರಿ ಉರಿ ಎಂದು ಬಿಂದು ಕಾಲು ಬಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸುತ್ತು ಹಾಕಿದರು. ಹೊರಗಿನ ಬೆಂಚಿನ ಮೇಲೆ ನನ್ನ ಮಡಿಲಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದವಳು ಮುಕ್ಕಾಲು ಗಂಟೆಯಾದ ಮೇಲೆ ಕಣ್ಣು ಬಿಟ್ಟಳು. ಪಾಪೆ ಅಷ್ಟಗಲ ಹಿಗ್ಗಿ, ಕಂದುಬಣ್ಣ ಅಂಚಿನಲ್ಲಿ ಒಂದು ದಾರದಷ್ಟು ಉಳಿದಿತ್ತು. ಯಾರದೋ ಮಗುವಿನ ಕಣ್ಣಿನಂತೆ ಕಂಡು ಹೆದರಿದೆ.

ಒಳಗೆ ವಾರಿಜಾ ಮತ್ತೆ ಅದೇ ಪಟ್ಟಿ ತೋರಿಸಿದಳು. ಬಿಂದು ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರವೊಂದನ್ನು ಹೇಳಿ ಸುಮ್ಮನಾದಳು. "ಮಿಕ್ಕಿದ್ದು ಕಾಣ್ತಿಲ್ಲ."

"ಏನು ಮಾಡ್ದೆ ನನ್ನ ಮಗಳಿಗೆ? ಈಗ ತಾನೆ ಪೂರ್ತಿ ಓದಿದ್ಲಲ್ಲ!" ಎಂದು ಕೂಗಿದೆ.

ವಾರಿಜಾ ಕೈಯಲ್ಲಿ ಸಣ್ಣ ದೀಪ ಹಿಡಿದು ಬಿಂದುವಿನ ಕಣ್ಣಿನ ಮೇಲೆ ಬೆಳಕಿನ ಗೆರೆಯನ್ನು ಅತ್ತಿತ್ತ ಆಡಿಸಿದಳು. ಒಳಗಿಂದ ಕೆಂಪಗೆ ಹೊಳೆಯುವ ಬೆಳಕು ಹೇಗೆ ಚಲಿಸುತ್ತದೆ ಎಂದು ನೋಡುತ್ತ ಒಂದಾದ ಮೇಲೊಂದು ಮಸೂರ ಎದುರಿಗೆ ಹಿಡಿದಳು. ಬಿಂದು ಏನೂ ಹೇಳಬೇಕಾಗಿರಲಿಲ್ಲ, ಕೂತಿದ್ದರೆ ಸಾಕಿತ್ತು. ಆಮೇಲೆ ಡಾಕ್ಟರು ಬಂದು ಕಣ್ಣಿನ ಹಿಂಭಾಗ ನೋಡಿ, ಅದು ಆರೋಗ್ಯವಾಗಿದೆ ಎಂದರು.

"ಎರಡೂ ಕಣ್ಣಿಗೆ ಪ್ಲಸ್ ನಾಲ್ಕೂವರೆ ಇದೆಯಮ್ಮ" ಎಂದರು ಡಾಕ್ಟರು. "ಹನಿ ಕಣ್ಣು ಕೆಡಿಸಿಲ್ಲ. ಇಷ್ಟು ದಿನ ನಿಮ್ಮ ಮಗಳು ಎಷ್ಟು ಕಷ್ಟಪಟ್ಟು ನೋಡ್ತಿದ್ಲು ಅಂತ ತೋರಿಸ್ತು ಅಷ್ಟೇ. ದೂರ ನೋಡೋಕೇ ಬಿಗಿಹಿಡೀಬೇಕು. ಪುಸ್ತಕ ನೋಡೋಕೆ ಇನ್ನೂ ಜಾಸ್ತಿ. ಆ ಬಿಗೀಲೇ ಕಣ್ಣು ಒಳಗೆ ಜಾರ್ತಿತ್ತು. ಕನ್ನಡಕ ಹಾಕಿದ್ರೆ ಆ ಕೆಲಸ ಕಡಿಮೆಯಾಗುತ್ತೆ."

ಸೋಮಾರಿ ಎಂದು ನಾನೇ ಅವಳ ತಲೆಗೆ ಮೊಟಕಿದ್ದು ನೆನಪಾಗಿ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆಯೇನು, ಹೊಟ್ಟೆ ಉರಿಯಿತು. ಹೆತ್ತವಳು ನಾನು, ಒಂಬತ್ತು ತಿಂಗಳು ಹೊತ್ತವಳು ನಾನು. ಆ ಕಣ್ಣಿನೊಳಗಿನ ಕಷ್ಟ ಮೊದಲು ಕಂಡಿದ್ದು ಅವಳಿಗೆ.

ವಾರಿಜಾ ಬಿಂದುವಿನ ಮೂಗಿನ ಮೇಲೆ ಪರೀಕ್ಷೆಯ ದೊಡ್ಡ ಚೌಕಟ್ಟು ಕೂರಿಸಿ ಮಸೂರಗಳನ್ನು ಹಾಕಿದಳು. ಕೋಣೆಯ ಆ ಕೊನೆಗೆ ಹೋಗಿ ಪಟ್ಟಿಯ ಪಕ್ಕ ನಿಂತಳು. ಬಿಂದು ಗಡಗಡನೆ ಓದಿದಳು. ಕೊನೆಯ ಸಾಲಿಗೆ ಬಂದರೂ ಹಣೆ ಸುಕ್ಕಾಗಲಿಲ್ಲ. ಎರಡು ಕಣ್ಣೂ ನೇರವಾಗಿದ್ದವು.

"ಅಮ್ಮ, ಕಷ್ಟಾನೇ ಆಗ್ತಿಲ್ಲ!" ಎಂದಳು.

ನಾನು ಓಡಿಹೋಗಿ ಅವಳ ಮುಖದ ಹತ್ತಿರ ಬಗ್ಗಿದೆ. "ಪುಟ್ಟಿ, ನಾನು ಕಾಣ್ತಿದೀನಾ?"

ಬಿಂದು ಕತ್ತು ಹಿಂದಕ್ಕೆ ಎಳೆದುಕೊಂಡಳು. "ಇಲ್ಲ, ನೀನು ಮಂಜು ಮಂಜು. ಚಿಕ್ಕಮ್ಮ ಸಖತ್ತಾಗಿ ಕಾಣ್ತಿದಾರೆ."

"ಹತ್ತಿರದ್ದು ಇವತ್ತು ಹಾಗೇ ಅಕ್ಕ. ಹನಿ ಇಳಿದ್ಮೇಲೆ ಸರಿಹೋಗುತ್ತೆ" ಎಂದಳು ವಾರಿಜಾ ಅಲ್ಲಿಂದಲೇ.

"ಅಮ್ಮ, ನೀನೂ ಹೋಗಿ ಚಿಕ್ಕಮ್ಮನ ಪಕ್ಕ ನಿಂತ್ಕೋ. ನಿನ್ನೂ ನೋಡ್ತೀನಿ."

ಬೇರೆ ದಾರಿ ಇರಲಿಲ್ಲ. ಹೋದೆ. ಪಟ್ಟಿಯ ಇನ್ನೊಂದು ಪಕ್ಕ ಗೋಡೆ ಇದ್ದುದರಿಂದ ಅವಳಿಗೆ ಭುಜ ತಾಗಿಸಿಕೊಂಡೇ ನಿಲ್ಲಬೇಕಾಯಿತು. ವಾರಿಜಾ ಸ್ವಲ್ಪ ಸರಿದು ಜಾಗ ಬಿಟ್ಟಳು.

"ಈಗ ಕಾಣ್ತೀನಾ?" ಎಂದು ಅಲ್ಲಿಂದ ಕೇಳಿದೆ.

ಬಿಂದು ಆ ದೊಡ್ಡ ಚೌಕಟ್ಟಿನೊಳಗಿಂದ ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ಮತ್ತೆ ನನ್ನನ್ನೇ ನೋಡಿದಳು.

"ಚೆನ್ನಾಗಿ ಕಾಣ್ತೀಯ" ಎಂದಳು. "ಚಿಕ್ಕಮ್ಮನ್ನ ಕಂಡ್ರೆ ನಿಂಗ್ಯಾಕಮ್ಮ ಅಷ್ಟು ಸಿಟ್ಟು?"