ಬಾಲಮ್ಮ ಖಾಲಿ ಬಿಟ್ಟ ಹಾಳೆ

ಕೆಂಭಾವಿಯ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಎಂದರೆ ಮಹಾನಂದಾ ಟೀಚರ್, ಮಹಾನಂದಾ ಟೀಚರ್ ಎಂದರೆ ವಿಭಕ್ತಿಯ ಪಟ್ಟಿ. ಆ ಮಹಾನಂದಾ ನಾನೇ. ‘ಗೆ’ ಬಂದರೆ ಟು, ‘ಇಂದ’ ಬಂದರೆ ಫ್ರಮ್, ‘ಅ’ ಬಂದರೆ ಆಫ್, ‘ಅಲ್ಲಿ’ ಬಂದರೆ ಇನ್. ‘ಅನ್ನು’ ಬಂದರೆ ಏನೂ ಬೇಡ. ನಮ್ಮದು ಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ, ಅವರದು ಮುಂದೆ ಬಂದು ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ ಎಂದು ಹತ್ತು ವರ್ಷ ಜಂಬದಿಂದ ಹೇಳಿಕೊಂಡು ಬಂದೆ.

ಕುರಿ ಸಾಕುವ ಬೀರಣ್ಣನ ಮಗಳು ಬಾಲಮ್ಮ ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಮರುಪರೀಕ್ಷೆಯಲ್ಲಿ ಪಾಸಾದರೆ ಸುರಪುರದ ಕಾಲೇಜು, ಇಲ್ಲದಿದ್ದರೆ ಹಿಂಡಿನ ಜೊತೆ ಊರೂರು ತಿರುಗಬೇಕು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಹುಡುಗಿಗೆ ಕಾಲೇಜೇ ಬೇಕಿತ್ತು.

ಪರೀಕ್ಷೆ ಸೋಮವಾರ. ಶನಿವಾರ ಅವಳು ತಾನೇ ಕಟ್ಟಿದ ಅರವತ್ತು ವಾಕ್ಯ ಬರೆದು ತಂದಳು. ‘ಯಾದಗಿರಿಯಿಂದ ಬಂದೆ’, ಫ್ರಮ್ ಹಾಕಿದ್ದಳು, ಸರಿ. ‘ಭೀಮೇಶನಿಗೆ ಕೊಟ್ಟೆ’, ಟು, ಅದೂ ಸರಿ. ‘ಕುಡುಗೋಲಿನಿಂದ ಕೊಯ್ದೆ’ ಎಂಬುದಕ್ಕೂ ಫ್ರಮ್. ಅಲ್ಲಿ ವಿತ್ ಬರಬೇಕು. ‘ಮೂರು ದಿನದಿಂದ ಜ್ವರ’, ಮತ್ತೆ ಫ್ರಮ್, ಫಾರ್ ಬೇಕಿತ್ತು. ‘ಐದು ಗಂಟೆಗೆ’ ಎಂಬುದಕ್ಕೆ ಆಟ್ ಬಿಟ್ಟು ಟು, ‘ಬಸ್ಸಿನಲ್ಲಿ ಬಂದೆ’ ಎಂಬುದಕ್ಕೆ ಬೈ ಬಿಟ್ಟು ಇನ್. ‘ನನಗೆ ಹಸಿವಾಗಿದೆ’ ಎಂಬಲ್ಲಿ ಇಂಗ್ಲಿಷಿಗೆ ಟು ಬೇಕಾಗಿಯೇ ಇಲ್ಲ, ಇವಳು ತಪ್ಪದೆ ಹಾಕಿದ್ದಳು.

ಕೆಂಪು ಪೆನ್ನು ಹಿಡಿದ ಕೈ ನಿಂತುಬಿಟ್ಟಿತು. ಒಂದೊಂದು ತಪ್ಪೂ ನಾನೇ ಕಲಿಸಿದ್ದು. ಉಳಿದ ಮಕ್ಕಳು ಗೈಡ್ ಉರುಹೊಡೆದು ಪಾಸಾಗಿದ್ದರು. ನನ್ನ ಪಟ್ಟಿಯನ್ನು ನಂಬಿ ಸ್ವಂತ ವಾಕ್ಯ ಬರೆದವಳು ಇವಳೊಬ್ಬಳೇ. ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಪಟ್ಟಿ ಅರ್ಧ ಸುಳ್ಳು, ನಂಬಬೇಡ ಎಂದು ಹೇಳಿಬಿಟ್ಟೆ.

ಅವಳು ನೋಟ್‌ಬುಕ್ ನೋಡುತ್ತಾ ಕೇಳಿದಳು. “ಹಂಗಾದ್ರ ಎಲ್ಲಿ ಯಾವುದು ಬರ್ತದಂತ ಹೆಂಗ ಗೊತ್ತಾಗಬೇಕ್ರಿ ಟೀಚರ್?”

“ಓದಕೋತ ಕೇಳಕೋತ ತಾನ ತಿಳೀತದವ್ವಾ.”

“ಸೋಮವಾರದೊಳಗೇನ್ರಿ?”

ನೋಟ್‌ಬುಕ್ಕನ್ನು ನನ್ನ ಕಡೆಗೆ ಎಳೆದುಕೊಂಡೆ. ಸಂಜೆಯವರೆಗೂ ಒಂದೊಂದೇ ವಾಕ್ಯ ತಿದ್ದಿಸಿದೆ. ತಿದ್ದಿದಷ್ಟೂ ಅವಳ ಗೊಂದಲ ಹೆಚ್ಚಿತು. ಕೊನೆಗೆ ‘ಯಾದಗಿರಿಯಿಂದ’ ಎಂಬುದಕ್ಕೂ ಫ್ರಮ್ ಹಾಕಲು ಹೆದರಿ ನನ್ನ ಮುಖ ನೋಡತೊಡಗಿದಳು.

ಫಲಿತಾಂಶ ಬಂದಾಗ ನಾಲ್ಕು ಅಂಕ ಕಡಿಮೆ. ಟಿ.ಸಿ. ಒಯ್ಯಲು ಬಂದವಳನ್ನು ಸ್ಟಾಫ್ ರೂಮಿಗೆ ಕರೆದು ವಿಚಾರಿಸಿದೆ. ಪತ್ರವನ್ನೂ ಪ್ರಬಂಧವನ್ನೂ ಬರೆಯದೆ ಹಾಳೆ ಖಾಲಿ ಬಿಟ್ಟು ಬಂದಿದ್ದಳಂತೆ. ಯಾಕೆಂದು ಕೇಳಿದೆ.

“ಪಟ್ಟಿ ನಂಬಬ್ಯಾಡ ಅಂದ್ರಲ್ರಿ. ಬ್ಯಾರೆ ಏನು ನಂಬಬೇಕಂತ ಹೇಳಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೇಟಿನಾಚೆ ಬೀರಣ್ಣ ಕಾಯುತ್ತಿದ್ದ. ಬಾಲಮ್ಮ ತನಗೆ ತಿಳಿದಂತೆ ಪಟ್ಟಿ ಹಿಡಿದೇ ಬರೆದಿದ್ದರೂ ಅರ್ಧವಾದರೂ ಸರಿಯಿರುತ್ತಿತ್ತು, ನಾಲ್ಕು ಅಂಕ ಹೇಗೂ ಸಿಗುತ್ತಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.