ಟೈಲರಮ್ಮನಿಗಾಗಿ ಒಂದು ಅಭ್ಯಾಸ ಹಾಳೆ

"ಈ ವಾರವೂ ತಲೆಗೆ ಹತ್ಲಿಲ್ಲ ಅಂದ್ರೆ ನಾನು ಕ್ಲಾಸ್ ಬಿಡ್ತೀನಿ ಮೇಡಂ" ಎಂದು ಟೈಲರಮ್ಮ ಹೇಳಿದಾಗ ನನಗೆ ಕೋಪವೇ ಬಂತು. ನಮ್ಮ ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಗಿರಾಕಿಗಳ ಜೊತೆ ಇಂಗ್ಲಿಷಿನಲ್ಲೇ ಚೌಕಾಸಿ ಮಾಡಬಲ್ಲವಳು ಅವಳೊಬ್ಬಳೇ. ಎಡವುತ್ತಿದ್ದುದು ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಬಂದಾಗ: ಅದಕ್ಕೆ ‘ಇಂಗ್’ ಸೇರಿಸಬೇಕೋ, ಅದಕ್ಕೂ ಮೊದಲು ‘ಟು’ ಇಡಬೇಕೋ? ಪಠ್ಯಪುಸ್ತಕದವರು ಎಲ್ಲವನ್ನೂ ಒಂದೇ ಪುಟಕ್ಕೆ ಸುರಿದಿದ್ದರು. ಅವಳು ಬಿಟ್ಟುಹೋದರೆ ತರಗತಿ ಸಪ್ಪೆ, ನನಗೂ ಬೇಜಾರು. ಸುಲಭದಿಂದ ಕಷ್ಟಕ್ಕೆ ಏರುವ ಹಾಳೆಯೊಂದನ್ನು ನಾನೇ ಮಾಡಲು ಕೂತೆ.

ಮೊದಲ ಭಾಗದಲ್ಲಿ ‘ಇಂಗ್’ ಬಯಸುವ ‘ಎಂಜಾಯ್’, ‘ಫಿನಿಶ್’, ‘ಅವಾಯ್ಡ್’. ಎರಡನೆಯದರಲ್ಲಿ ‘ಟು’ ಬೇಡುವ ‘ವಾಂಟ್’, ‘ಡಿಸೈಡ್’, ‘ಹೋಪ್’. ಕೊನೆಗೆ ಎರಡನ್ನೂ ಒಪ್ಪಿ ಅರ್ಥವನ್ನೇ ಬದಲಿಸುವ ತರಲೆ ‘ಸ್ಟಾಪ್’: ‘ಸ್ಟಾಪ್ ಟಾಕಿಂಗ್’ ಎಂದರೆ ಮಾತು ನಿಲ್ಲಿಸು, ‘ಸ್ಟಾಪ್ ಟು ಟಾಕ್’ ಎಂದರೆ ಮಾತಾಡಲೆಂದು ನಿಲ್ಲು.

ಪರೀಕ್ಷೆಗೆ ಸಿಕ್ಕವರು ನಮ್ಮನೆಯವರು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು. ಮೊದಲೆರಡು ಭಾಗಕ್ಕೆ ಪೂರ್ತಿ ಅಂಕ ಬಂದಾಗ ನಾನು ಉಬ್ಬಿಹೋದೆ.

"ಹೇಗ್ರೀ ಮಾಡಿದ್ರಿ?"

"ಓದ್ಲೇ ಇಲ್ಲ. ಮೊದಲನೇದು ಇಂಗ್ ಅಂತ ಗೊತ್ತಾಯ್ತು, ಕೆಳಗಿನವಕ್ಕೂ ಅದನ್ನೇ ಎಳೆದೆ."

ಅವರ ಮೇಲೆ ಸಿಟ್ಟು ಬಂತು. ಆಮೇಲೆ, ಹಾಳೆ ಮಾಡಿದವಳು ನಾನಲ್ಲವೇ ಎಂದು ನನ್ನ ಮೇಲೇ ಬಂತು. ಟೈಲರಮ್ಮನೂ ಹೀಗೇ ಎಳೆದು, ಕೊನೆಯಲ್ಲಿ ಮುಗ್ಗರಿಸಿ, ಚೀಲ ಹೆಗಲಿಗೇರಿಸುತ್ತಿದ್ದಳು.

ಎಲ್ಲವನ್ನೂ ಹರಿದು ಮತ್ತೆ ಬರೆದೆ. ಮೊದಲು ಕ್ರಿಯಾಪದಗಳನ್ನು ಎರಡು ಸಾಲಿಗೆ ಬೇರ್ಪಡಿಸುವುದು, ಅಷ್ಟೇ. ಬಳಿಕ ಎರಡೂ ಬಗೆ ಬೆರೆತ ವಾಕ್ಯಗಳು, ಪಕ್ಕದಲ್ಲಿ ಆ ಸಾಲುಗಳ ನೆರವು. ಮೂರನೆಯದರಲ್ಲಿ ಬೆರಕೆ ಉಂಟು, ನೆರವಿಲ್ಲ. ‘ಸ್ಟಾಪ್’ ಮಾತ್ರ ಚಿತ್ರಗಳ ಜೊತೆ ಕೊನೆಗೆ. ನನ್ನ ಚಿತ್ರಗಳಲ್ಲಿ ಮನುಷ್ಯ ಯಾರು, ದೀಪದ ಕಂಬ ಯಾವುದು ಎಂದು ಹೇಳುವುದು ಕಷ್ಟವಿತ್ತು, ಇರಲಿ.

ತರಗತಿಯಲ್ಲಿ ಟೈಲರಮ್ಮ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಮೂರನೆಯ ಭಾಗಕ್ಕೆ ಬಂದಾಗ ಅವಳ ಕೈ ನಿಂತಿತು. ಹೋಯಿತು, ಇವಳು ಹೊರಟೇಬಿಟ್ಟಳು ಅಂದುಕೊಂಡೆ.

ಅವಳು ನಿಂತದ್ದು ಪಕ್ಕದಲ್ಲಿ ಕೂತಿದ್ದ ಸಹಪಾಠಿ ಡ್ರೈವರನ ಹಾಳೆ ನೋಡಲು. ಅವನು ಸಾಲಾಗಿ ‘ಇಂಗ್’ ಬರೆಯುತ್ತಾ ಹೊರಟಿದ್ದ.

"ಅಯ್ಯೋ, ಹಾಗೆ ಬರ್ಕೊಂಡ್ ಹೋಗ್ಬೇಡಿ ಅಣ್ಣ. ಮೇಡಂ ಬೇಕಂತಲೇ ಬೆರೆಸಿದ್ದಾರೆ. ಮುಂದಿನ ಪದ ನೋಡೋ ಮೊದಲು ಹಿಂದಿನ ಕ್ರಿಯಾಪದ ಯಾವ ಸಾಲಿನದು ಅಂತ ಕೇಳ್ಕೊಳ್ಳಿ" ಎಂದು ಅವನ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದನ್ನೂ ಬಿಡಿಸಿ ಹೇಳತೊಡಗಿದಳು.

ನಾನು ಕಲಿಸುವುದು ಬಿಟ್ಟು ಕೇಳುತ್ತಾ ನಿಂತೆ. ಹೊಟ್ಟೆ ತುಂಬಿದಷ್ಟು ಖುಷಿಯಾಯಿತು. ‘ಸ್ಟಾಪ್’ನಲ್ಲಿ ಅವಳವು ಎರಡು ತಪ್ಪಾಗಿದ್ದವು. ನೋಡಿಕೊಂಡು ತಾನೇ ನಕ್ಕಳು.

"ಮೇಡಂ, ಮುಂದಿನ ವಾರದ್ದು ಇನ್ನೂ ಸ್ವಲ್ಪ ಕಷ್ಟದ್ದೇ ಇರ್ಲಿ" ಎಂದಳು. "ಈ ಅಣ್ಣನಿಗೆ ನಾನು ಹೇಳ್ಕೊಡ್ತೀನಿ."