ಗಡುವಿಲ್ಲದ ಸಾಲು

ಫ್ಯಾಕ್ಟರಿ ಇನ್‌ಸ್ಪೆಕ್ಟರ್ ತಪಾಸಣೆ ಮಾಡಿ ಕಳಿಸಿದ ವರದಿ ಹದಿನಾಲ್ಕು ಪುಟವಿತ್ತು. ಈ ತಗಡಿನ ಕಾರ್ಖಾನೆಯ ಮಾಲೀಕನಾದ ನನ್ನ ತಮ್ಮ ಅದರ ಮೊದಲ ಪುಟವನ್ನೂ ಮಗುಚದೆ ತಂದು ನನ್ನ ಮೇಜಿನ ಮೇಲೆ ಹಾಕಿದ.

"ಅಕ್ಕಾ, ಒಂದೇ ಹಾಳೇಲಿ ಮಾಡಿ ಕೊಡು. ಏನು ತಪ್ಪು, ಏನು ಮಾಡ್ಬೇಕು, ಯಾವತ್ತಿನ ಒಳಗೆ. ಇಷ್ಟೇ ಸಾಕು, ಪುರಾಣ ಬೇಡ."

ಪುರಾಣ ಓದುವ ಕರ್ಮ ನನ್ನದು. ಅಪ್ಪ ಇದ್ದಾಗಿನಿಂದಲೂ ಈ ಆಫೀಸಿನ ಕಾಗದಪತ್ರವೆಲ್ಲ ನನ್ನ ತಲೆಗೇ ಕಟ್ಟಿದೆ. ಕನ್ನಡಕ ಏರಿಸಿಕೊಂಡು ಕೂತು, ಹಾಳೆಯಲ್ಲಿ ಮೂರು ಕಾಲಂ ಎಳೆದೆ. ತುರ್ತು ಬಾಗಿಲಿಗೆ ರಟ್ಟಿನ ಪೆಟ್ಟಿಗೆ ಅಡ್ಡ, ತೆಗೆಸಬೇಕು, ಏಳು ದಿನ. ಓವರ್‌ಟೈಮ್ ರಿಜಿಸ್ಟರ್ ಬರೆದಿಲ್ಲ, ಬರೆಯಬೇಕು, ಹದಿನೈದು ದಿನ. ಸಾಣೆ ಚಕ್ರದ ಹತ್ತಿರ ಧೂಳು ಹೀರುವ ಫ್ಯಾನ್ ಇಲ್ಲ, ಹಾಕಿಸಬೇಕು, ಒಂದು ತಿಂಗಳು. ಈ ದಿನಗಳೆಲ್ಲ ವರದಿ ನಮ್ಮ ಕೈಸೇರಿದ ದಿನದಿಂದ ಲೆಕ್ಕ, ನನ್ನ ತಮ್ಮನಿಗೆ ಪುರುಸೊತ್ತಾದ ದಿನದಿಂದಲ್ಲ. ಲಕೋಟೆ ತಗೊಂಡು ಸಹಿ ಹಾಕಿದ ತಾರೀಕು ಹುಡುಕಿ, ಕ್ಯಾಲೆಂಡರ್ ನೋಡಿ, ಮೂರನೇ ಕಾಲಮ್ಮಿನಲ್ಲಿ ಒಂದೊಂದಕ್ಕೂ ತಾರೀಕು ಬರೆದೆ. ಮೊದಲು ಮುಗಿಸಬೇಕಾದದ್ದು ಮೇಲೆ, ಆಮೇಲಿನದು ಕೆಳಗೆ.

ತಗಡಿಗೆ ಹೊಡೆದು ಆಕಾರ ಕೊಡುವ ಎರಡನೇ ಪ್ರೆಸ್‌ನ ವಿಷಯ ಬೇರೆಯಾಗಿತ್ತು. ಆ ಯಂತ್ರದ ಮುಂದೆ ಜಾಲರಿಯ ಬಾಗಿಲಿದೆ. ಅದು ತೆರೆದಿದ್ದರೆ ಯಂತ್ರ ಹೊಡೆಯಬಾರದು. ನಮ್ಮಲ್ಲಿ ಆ ಬಾಗಿಲಿನ ಸ್ವಿಚ್ಚಿಗೆ ತಂತಿ ಸುತ್ತಿದ್ದರಿಂದ ಬಾಗಿಲು ತೆರೆದೇ ಇದ್ದರೂ ಹೊಡೆಯುತ್ತಿತ್ತು. ಸರಿಪಡಿಸಿ, ಇನ್‌ಸ್ಪೆಕ್ಟರ್ ಬಂದು ನೋಡಿ ಲಿಖಿತವಾಗಿ ಒಪ್ಪುವ ತನಕ ಅದನ್ನು ಬಳಸುವಂತಿಲ್ಲ ಎಂದು ವರದಿ ಹೇಳಿತ್ತು. ಇಷ್ಟು ದಿನ ಎಂದು ಇರಲಿಲ್ಲ. ವರದಿ ಬಂದ ಗಳಿಗೆಯಿಂದಲೇ ನಿಷೇಧ. ತಾರೀಕು ಇಲ್ಲದ್ದಕ್ಕೆ ಮೂರನೇ ಕಾಲಮ್ಮಿನಲ್ಲಿ ಬರೀ ಒಂದು ಗೆರೆ ಎಳೆದು ಅದನ್ನು ಕೊನೆಗೆ ಹಾಕಿದೆ.

ತಮ್ಮ ಹಾಳೆ ಹಿಡಿದು ಮೂರನೇ ಕಾಲಮ್ಮನ್ನಷ್ಟೇ ಮೇಲಿಂದ ಕೆಳಗೆ ನೋಡಿದ.

"ಪ್ರೆಸ್ಸಿಗೆ ಡೇಟೇ ಇಲ್ವಲ್ಲ. ಸದ್ಯ, ಅದಕ್ಕೆ ಅವಸರ ಇಲ್ಲ."

"ಅವಸರ ಇಲ್ಲ ಅಂತಲ್ಲ ಕಣೋ. ಇವತ್ತೇ ನಿಲ್ಲಿಸ್ಬೇಕು. ನಡುವಿನ ಕಾಲಂ ಓದು."

ಅವನು ಓದಿದ. ಓದಿ ಮುಖ ಉಜ್ಜಿಕೊಂಡ. ಶುಕ್ರವಾರ ಸರಕು ಲಾರಿ ಹತ್ತಬೇಕಿತ್ತು. ಅವನೂ ನಾಲ್ಕು ರಾತ್ರಿ ನೆಟ್ಟಗೆ ನಿದ್ದೆ ಮಾಡಿರಲಿಲ್ಲ, ಪಾಪ.

"ಶುಕ್ರವಾರದ ತನಕ ಕಣ್ಣು ಮುಚ್ಕೊಂಡಿರು, ನಿಂಗೆ ಕೈ ಮುಗೀತೀನಿ" ಎಂದವನೇ ಹಾಳೆ ತೆಗೆದುಕೊಂಡು ಹೋದ. ಕೆಲಸಗಾರರಿಗೂ ತಿಳಿಸಿ ಎಂದು ವರದಿಯಲ್ಲಿ ಇತ್ತು, ಅದೊಂದನ್ನು ಮಾತ್ರ ಚಾಚೂ ತಪ್ಪದೆ ಮಾಡಿದ. ಹಾಳೆಯನ್ನು ನೋಟಿಸ್ ಬೋರ್ಡಿಗೆ ಚುಚ್ಚಿದ.

ಅವನ ಹತ್ತಿರ ಜಗಳಾಡಿ ಆಡಿ ನನಗೂ ಸಾಕಾಗಿ ಹೋಗಿದೆ. ಹಾಳಾಗಿ ಹೋಗಲಿ ಅಂದುಕೊಂಡು ನೀರು ಕುಡಿಯಲು ಎದ್ದೆ.

ಬೋರ್ಡಿನ ಮುಂದೆ ಎರಡನೇ ಪ್ರೆಸ್ ನಡೆಸುವವನು ನಿಂತಿದ್ದ. ಅವನ ಕೈಚಳಕ ನೋಡಿ ಎಲ್ಲರೂ ಅವನನ್ನು ಎಕ್ಸ್‌ಪ್ರೆಸ್ ಎಂದು ಕರೆಯುತ್ತಿದ್ದರು. ಪೀಸಿನ ಲೆಕ್ಕದಲ್ಲಿ ಕೂಲಿ. ಬಾಗಿಲು ತೆಗೆದು ಮುಚ್ಚುವ ಹೊತ್ತು ಉಳಿಸಲೆಂದು ಆ ತಂತಿ ಸುತ್ತಿದವನೂ ಅವನೇ.

"ನೋಡಿ ಅಕ್ಕ, ಎಲ್ಲದಕ್ಕೂ ಡೇಟ್ ಹಾಕಿದ್ದಾರೆ, ನನ್ನ ಮಷಿನ್ನಿಗೆ ಮಾತ್ರ ಇಲ್ಲ" ಎಂದು ಹಲ್ಲು ಬಿಟ್ಟ. "ನಮ್ಮದು ಪಾಸು."

ಅವನು ಆಗಲೇ ಹೋಗಿ ಸ್ಟೂಲಿನ ಮೇಲೆ ಕೂತು, ತೆರೆದ ಬಾಗಿಲಿನೊಳಗೆ ತಗಡು ಇಡಲು ಕೈ ಹಾಕಿದ್ದ. ಯಂತ್ರ ಹೊಡೆಯಿತು. ಕೈ ಆಚೆ ಬಂತು. ಮತ್ತೆ ಒಳಗೆ ಹೋಯಿತು. ಅವನನ್ನು ಹಾಗೆ ನಿರಾಳವಾಗಿ ಅಲ್ಲಿ ಕೂರಿಸಿದ್ದು ನಾನು ಎಳೆದ ಗೆರೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ನಾನು ಹೋಗಿ ಆ ಪ್ರೆಸ್‌ನ ಮೇನ್ ಸ್ವಿಚ್ ಇಳಿಸಿದೆ. ಡಬ್ಬಿಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೋರ್ಡಿನ ಹಾಳೆಯಲ್ಲಿ ಗೆರೆಯ ಮೇಲೆ ದಪ್ಪಗೆ "ಈಗಲೇ ನಿಲ್ಲಿಸಿ" ಎಂದು ಬರೆದೆ.

ತಮ್ಮ ಓಡಿ ಬಂದ. "ಶುಕ್ರವಾರ ಸರಕಿಗೆ ಕಾದಿರೋರಿಗೆ ನಾನು ಏನಂತ ಹೇಳ್ಲಿ?"

"ತಡ ಆಗುತ್ತೆ ಅಂತ ಹೇಳು. ಬೈಸ್ಕೋ. ಪ್ರೆಸ್ ನಿಂತಷ್ಟು ದಿನದ ಕೂಲಿ ಇವನಿಗೆ ಕೊಡು."

"ಕೂತ ಕೂಲಿಯಲ್ಲಿ ನನ್ನ ಮನೆ ನಡೆಯುತ್ತಾ?" ಎಂದು ಎಕ್ಸ್‌ಪ್ರೆಸ್ ನನ್ನ ಮೇಲೇ ಹರಿಹಾಯ್ದ. "ಇಷ್ಟು ವರ್ಷ ಏನಾದರೂ ಆಯ್ತಾ? ಓದಿದವರಿಗೆ ಬಡವರ ಹೊಟ್ಟೆ ಮೇಲೇ ಕಣ್ಣು."

ಅವನು ಶೆಡ್ಡಿನ ಉದ್ದಕ್ಕೂ, ಕಂಡಕಂಡವರಿಗೆಲ್ಲ ನನ್ನ ದೂರು ಹೇಳುತ್ತ, ಎರಡೂ ಕೈ ಬೀಸಿ ಬೀಸಿ ಬೈಯುತ್ತ ಹೋದ. ಹತ್ತು ಬೆರಳೂ ಇದ್ದವು. ಬೈಯಲಿ ಅಂದುಕೊಂಡೆ.